ಮಂಚಕ್ಕೆ ಎಷ್ಟಾಗುತ್ತೆ, ಆಚಾರ್ರೇ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ, ದೇವಾಂಗರಿರಲಿ ಒಕ್ಕಲಿಗರಿರಲಿ, ಹೆಣ್ಣಿನ ಮದುವೆ ಗೊತ್ತಾಯಿತೆಂದರೆ ಸೀರಿನ ಪಟ್ಟಿ ಹೊರಗೆ ಬರುತ್ತದೆ. ಬೀರು, ಮಿಕ್ಸಿ, ಫ್ರಿಜ್ಜು ಅಂಗಡಿಯಿಂದ ಬರುತ್ತವೆ. ಮಂಚದ ಮಾತು ಬಂದಾಗ ಮಾತ್ರ ಮನೆಯ ಹಿರಿಯರು, 'ಅದು ತೇಗದಲ್ಲೇ ಆಗಬೇಕು, ಕೂತು ಮಾಡಿಸೋಣ' ಅನ್ನುತ್ತಾರೆ. ಆಚಾರಿ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಟೇಪು ಹಿಡಿದು ಕೋಣೆ ಅಳೆಯುತ್ತಾರೆ. ಆಮೇಲೆ ಎಲ್ಲರೂ ಕಾಯುವ ಪ್ರಶ್ನೆ ಬರುತ್ತದೆ: 'ಎಷ್ಟಾಗುತ್ತೆ, ಆಚಾರ್ರೇ?'

ಅಲ್ಲೇ, ನಿಂತ ನಿಲುವಿನಲ್ಲಿ ಹೇಳುವ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ತೇಗ ಮೂರು ಸಿಎಫ್‌ಟಿ, 10,500. ಪ್ಲೈವುಡ್ 3,200. ಬೋಲ್ಟು, ಅಂಟು, ಪಾಲಿಶ್ ಎಲ್ಲ ಸೇರಿ 3,000. ಕೂಲಿ 10,000. ಒಟ್ಟು 26,700. ಏನಾದರೂ ಹೆಚ್ಚುಕಮ್ಮಿ ಆದರೆ ಇರಲಿ ಅಂತ ಶೇಕಡಾ 10 ಸೇರಿಸಿ, ತನಗೂ ಒಂದಿಷ್ಟು ಸೇರಿಸಿ, 'ಮೂವತ್ತೆರಡು ಸಾವಿರ ಕೊಡಿ, ನಿಮ್ಮನೆ ಕೆಲಸ' ಅನ್ನುತ್ತಾರೆ. ಗಿರಾಕಿ ಮೂವತ್ತಕ್ಕೆ ಇಳಿಸಲು ನೋಡುತ್ತಾರೆ. ಇಬ್ಬರಿಗೂ ಆ ಹೊತ್ತಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಆ ಮಂಚ ಮುಗಿಯುವಷ್ಟರಲ್ಲಿ ಕೈಯಿಂದ ಹೋಗುವ ದುಡ್ಡು 39,000 ದಾಟುತ್ತದೆ. ಅದೇ ಮಂಚವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿ ನೋಡೋಣ. ಇಲ್ಲಿ ಬರುವ ದರಗಳನ್ನು ಲೆಕ್ಕ ತೋರಿಸಲು ಹಿಡಿದಿದ್ದೇನೆ. ನಿಮ್ಮ ಡಿಪೋದ ಇವತ್ತಿನ ದರ ಕೇಳಿ ಅದನ್ನೇ ಹಾಕಿಕೊಳ್ಳಬೇಕು. ಅಳತೆಗಳು ಮಾತ್ರ ಎಲ್ಲಿಯೂ ಬದಲಾಗುವುದಿಲ್ಲ.

ಹಾಸಿಗೆ 78 ಇಂಚು ಉದ್ದ, 60 ಇಂಚು ಅಗಲ. ತಲೆಯ ಕಡೆ ಎರಡು ಎತ್ತರದ ಕಾಲು, ಪಾದದ ಕಡೆ ಎರಡು ಗಿಡ್ಡ ಕಾಲು, ಉದ್ದಕ್ಕೆ ಎರಡು ಪಟ್ಟಿ, ಅಡ್ಡಕ್ಕೆ ಮೂರು ಪಟ್ಟಿ (ತಲೆಯ ಕಡೆ ಮೇಲೊಂದು ಕೆಳಗೊಂದು, ಪಾದದ ಕಡೆ ಒಂದು), ತಲೆಯ ಕಡೆಯ ಚೌಕಟ್ಟಿನೊಳಗೆ ನಾಲ್ಕು ಹಲಗೆ. ಕೆತ್ತನೆ ಇಲ್ಲ, ಡ್ರಾಯರ್ ಇಲ್ಲ. ಇದಕ್ಕಿಂತ ಸರಳ ಮಂಚ ಇರಲಾರದು.

ಮರದ ಲೆಕ್ಕದ ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ ಬರುತ್ತದೆ. ತಪ್ಪು ಆಗುವುದು ಸೂತ್ರದಲ್ಲಲ್ಲ, ಯಾವ ಅಳತೆಯನ್ನು ಅದರೊಳಗೆ ಹಾಕುತ್ತೀರಿ ಎನ್ನುವುದರಲ್ಲಿ. ಮನೆಯವರ ಕಣ್ಣಿಗೆ ಬೀಳುವುದು ಮುಗಿದ ಮಂಚ. ಅದರ ಪಟ್ಟಿ ಐದು ಮುಕ್ಕಾಲು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಡಿಪೋದಲ್ಲಿ ದುಡ್ಡು ಕೊಡುವುದು ಆರು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಗರಗಸದ ಮರಕ್ಕೆ. ಒಂದೊಂದು ಮುಖದಿಂದ ಒಂದೊಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕೀಸಿ ಹೋಗುತ್ತದೆ. ಎರಡು ಮುಖ ಸೇರಿದರೆ ಕಾಲು ಇಂಚು. ಆರು ಇಂಚಿನ ಅಗಲದಲ್ಲಿ ಕಾಲು ಇಂಚು ದೊಡ್ಡದಲ್ಲ. ಒಂದೂವರೆ ಇಂಚಿನ ದಪ್ಪದಲ್ಲಿ ಅದು ಆರರಲ್ಲೊಂದು ಪಾಲು. ಒಂದು ಇಂಚಿನ ಹಲಗೆಯಲ್ಲಿ ನಾಲ್ಕರಲ್ಲೊಂದು ಪಾಲು. ಮರ ತೆಳ್ಳಗಾದಷ್ಟೂ ನಷ್ಟದ ಪಾಲು ಹೆಚ್ಚುತ್ತದೆ. ಹಾಗಾಗಿ ಎಲ್ಲ ಕೆಲಸಕ್ಕೂ ಒಂದೇ ಶೇಕಡಾ ಸೇರಿಸಿ ಮುಗಿಸುವುದು ಸರಿಯಲ್ಲ.

ಈಗ ಕೊಳ್ಳುವ ಅಳತೆಯಲ್ಲೇ ಕೂಡಿಸೋಣ. ಕಾಲುಗಳು ಮೂರಿಂಚು ಚೌಕ. ಎತ್ತರದ್ದು ಮೂರೂವರೆ ಅಡಿಯವು ಎರಡು, ಗಿಡ್ಡದ್ದು ಒಂದೂವರೆ ಅಡಿಯವು ಎರಡು, ಒಟ್ಟು ಹತ್ತು ಅಡಿ ಉದ್ದ, 0.63 ಸಿಎಫ್‌ಟಿ. ಉದ್ದದ ಪಟ್ಟಿಗಳು ಏಳು ಅಡಿಯವು ಎರಡು, 0.88. ಅಡ್ಡ ಪಟ್ಟಿಗಳು ಐದೂವರೆ ಅಡಿಯವು ಮೂರು, 1.03. ತಲೆಯ ಹಲಗೆಗಳು ಆರು ಇಂಚು ಅಗಲ, ಒಂದು ಇಂಚು ದಪ್ಪ, ಐದೂವರೆ ಅಡಿಯವು ನಾಲ್ಕು, 0.92. ಎಲ್ಲ ಸೇರಿ ಹತ್ತಿರಹತ್ತಿರ 3.45 ಸಿಎಫ್‌ಟಿ. ಇದೇ ತುಂಡುಗಳನ್ನು ಮುಗಿದ ಅಳತೆಯಲ್ಲಿ ಲೆಕ್ಕ ಹಾಕಿದರೆ ಬರುವುದು ಸುಮಾರು 2.6. ಅದಕ್ಕೆ ಶೇಕಡಾ 10 ವೇಸ್ಟೇಜ್ ಸೇರಿಸಿದಾಗ ಮೂರಕ್ಕೆ ಹತ್ತಿರವಾಗುತ್ತದೆ. ನಿಂತಲ್ಲೇ ಹೇಳಿದ 'ಮೂರು ಸಿಎಫ್‌ಟಿ' ಹುಟ್ಟುವುದು ಅಲ್ಲಿಂದಲೇ.

3.45ಕ್ಕೂ ಲೆಕ್ಕ ನಿಲ್ಲುವುದಿಲ್ಲ. ಡಿಪೋದಲ್ಲಿ ಏಳು ಅಡಿ ಬೇಕೆಂದರೆ ಕರೆಕ್ಟಾಗಿ ಏಳು ಅಡಿಯ ಮರ ಸಿಗುವುದು ಕಡಿಮೆ. ಎಂಟು ಅಡಿಯದು ತೆಗೆದುಕೊಂಡು ಒಂದು ಅಡಿ ತುಂಡು ಉಳಿಸುತ್ತೇವೆ. ತುದಿಗಳಲ್ಲಿ ಒಡಕು ಇರುತ್ತದೆ, ಅದನ್ನು ಕತ್ತರಿಸಿ ಬಿಸಾಡಬೇಕು. ಅಂಚಿನಲ್ಲಿ ಬಿಳಿ ಮರ ಇರುತ್ತದೆ. ಇಲ್ಲಿಯವರು ವೈರಂ ಎನ್ನುವ, ನಮ್ಮ ಕಡೆ ಚೇಗು ಎನ್ನುವ ಒಳಮರಕ್ಕೆ ಗೆದ್ದಲು, ಹುಳು ಸುಲಭವಾಗಿ ಬೀಳುವುದಿಲ್ಲ. ಬಿಳಿ ಭಾಗಕ್ಕೆ ಆ ಗುಣವಿಲ್ಲ. ಹೊರದೇಶಗಳಿಂದ ಬರುವ ತೋಟದ ತೇಗದಲ್ಲೂ, ಪೊಳ್ಳಾಚಿ, ಉಡುಮಲೈ ಕಡೆ ತೆಂಗಿನ ತೋಟದ ಬದುವಿನಲ್ಲಿ ಬೆಳೆದ ಎಳೆಯ ತೇಗದಲ್ಲೂ ಈ ಬಿಳಿ ಭಾಗ ಹೆಚ್ಚು. ಒಳ್ಳೆಯ, ನೇರವಾದ, ಚೇಗು ತುಂಬಿದ ಮರ ಆರಿಸಿ ತಂದರೆ 3.45ರ ಮೇಲೆ ಶೇಕಡಾ 15 ಸಾಕಾಗಬಹುದು. ದರ ಕಡಿಮೆಯೆಂದು ಬಿಳಿ ಮರ ತುಂಬಿದ ಲಾಟು ತಂದರೆ ಶೇಕಡಾ 30 ಕೂಡ ಸಾಲದೆ ಹೋಗಬಹುದು. ಅಗ್ಗದ ಮರ ಅಗ್ಗವೋ ಅಲ್ಲವೋ ಎಂದು ತೀರ್ಮಾನಿಸುವುದು ದರದ ಮೇಲಲ್ಲ, ಕೊನೆಗೆ ಮಂಚಕ್ಕೆ ಬಂದ ಮರದ ಮೇಲೆ. ನಮ್ಮ ಲೆಕ್ಕಕ್ಕೆ ಶೇಕಡಾ 20 ಹಿಡಿದರೆ 4.15 ಸಿಎಫ್‌ಟಿ ಆಯಿತು. ಸಿಎಫ್‌ಟಿಗೆ 3,500ರಂತೆ 14,525 ರೂಪಾಯಿ. ಮುಗಿದ ಮಂಚದಲ್ಲಿ ಕಾಣುವುದು 2.6. ಕೊಂಡದ್ದು 4.15. ಈ ಅಂತರ ಕಳ್ಳತನವಲ್ಲ, ಸೋಮಾರಿತನವೂ ಅಲ್ಲ. ಗಿರಾಕಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಿದರೆ, 'ಇಷ್ಟೊಂದು ಮರ ಎಲ್ಲಿ ಹೋಯ್ತು?' ಅನ್ನುವ ಜಗಳ ಅರ್ಧಕ್ಕರ್ಧ ತಪ್ಪುತ್ತದೆ.

ಪ್ಲೈವುಡ್‌ನಲ್ಲಿ ಸಮಸ್ಯೆ ಬೇರೆ ಥರದ್ದು. ಅಲ್ಲಿ ನಷ್ಟವನ್ನು ಶೇಕಡಾದಲ್ಲಿ ಹಿಡಿಯಲಾಗದು, ಶೀಟಿನ ಚಿತ್ರ ಬರೆದು ನೋಡಲೇಬೇಕು. ಹಾಸಿಗೆಯ ಅಡಿಗೆ ಬೇಕಾದದ್ದು 78ಕ್ಕೆ 60 ಇಂಚು, ಅಂದರೆ 32.5 ಚದರ ಅಡಿ. ಎಂಟಕ್ಕೆ ನಾಲ್ಕರ ಒಂದು ಶೀಟು 32 ಚದರ ಅಡಿ. ಅರ್ಧ ಚದರ ಅಡಿ ಕಡಿಮೆ ಬಿತ್ತು, ಅಷ್ಟಕ್ಕಾಗಿ ಎರಡನೇ ಶೀಟು ತರಬೇಕು, ಅದರಲ್ಲಿ ಬಹುಪಾಲು ಅಂಗಡಿಯ ಮೂಲೆಯಲ್ಲಿ ನಿಲ್ಲುತ್ತದೆ. 3,200 ರೂಪಾಯಿಯ ಪ್ರಶ್ನೆ ಇದು. ಒಂದೇ ಶೀಟು ಹಿಡಿದು ಕೊಟೇಶನ್ ಕೊಟ್ಟವರಿಗೆ ಇದು ಗೊತ್ತಾಗುವುದು ಗರಗಸ ಹಿಡಿದ ದಿನ.

ಕಾಗದದ ಮೇಲೆ ಚಿತ್ರ ಬರೆದರೆ ದಾರಿ ಸಿಗುತ್ತದೆ. ಶೀಟನ್ನು ಉದ್ದಕ್ಕೆ 60 ಇಂಚಿನಲ್ಲಿ ಕತ್ತರಿಸಿ. 60ಕ್ಕೆ 48ರ ಒಂದು ತುಂಡು, 36ಕ್ಕೆ 48ರ ಇನ್ನೊಂದು ತುಂಡು ಆಗುತ್ತದೆ. ಮೊದಲನೆಯದನ್ನು 12 ಇಂಚು ಅಗಲದ ನಾಲ್ಕು ಪಟ್ಟಿ ಮಾಡಿ. ಪ್ರತಿ ಪಟ್ಟಿಯೂ ಮಂಚದ ಅಗಲಕ್ಕೆ ಪೂರ್ತಿ ಬರುತ್ತದೆ. ಎರಡನೆಯದರಿಂದ 30 ಇಂಚು ಉದ್ದ, 12 ಇಂಚು ಅಗಲದ ನಾಲ್ಕು ತುಂಡು ತೆಗೆಯಿರಿ. ಎರಡೆರಡು ಕೂಡಿಸಿದರೆ ಇನ್ನೆರಡು ಪಟ್ಟಿ. ಆರು ಪಟ್ಟಿ, ತಲಾ 12 ಇಂಚು, 72 ಇಂಚು ಆಯಿತು. ಉಳಿದ ಉದ್ದವನ್ನು ಪಟ್ಟಿಗಳ ನಡುವೆ ಸುಮಾರು ಒಂದೂಕಾಲು ಇಂಚಿನ ಸಂದಾಗಿ ಹಂಚಿಬಿಡಿ. ಹಾಸಿಗೆಗೆ ಗಾಳಿಯೂ ಆಡುತ್ತದೆ. ಒಂದೇ ಒಂದು ಷರತ್ತು: ಅರ್ಧರ್ಧ ತುಂಡುಗಳು ಮಂಚದ ಮಧ್ಯದಲ್ಲಿ ಸೇರುವುದರಿಂದ ತಲೆಯಿಂದ ಪಾದದವರೆಗೆ ಎರಡು ಇಂಚು ಅಗಲದ ನಡುತೊಲೆ, ಅದಕ್ಕೊಂದು ಗಿಡ್ಡ ಕಾಲು ಇರಲೇಬೇಕು, ಪ್ಲೈ 18 ಮಿಲಿಮೀಟರ್ ಇರಬೇಕು. ಇಷ್ಟು ಅಗಲದ ಮಂಚಕ್ಕೆ ನಡುತೊಲೆ ಹೇಗೂ ಬೇಕಾದದ್ದೇ. ಕಾಲು ಗಂಟೆಯ ಪೆನ್ಸಿಲ್ ಕೆಲಸ ಒಂದು ಶೀಟನ್ನು ಉಳಿಸಿತು.

ನಡುತೊಲೆಗೆ, ಪ್ಲೈ ಕೂರುವ ಒಳಪಟ್ಟಿಗೆ ತೇಗ ಬೇಡ, ಬೇವು ಸಾಕು. ಅದಕ್ಕೆ 720 ರೂಪಾಯಿ ಹಿಡಿಯೋಣ. ಇದನ್ನು ಗಿರಾಕಿಗೆ ಮೊದಲೇ ಹೇಳಿ ಚೀಟಿಯಲ್ಲಿ ಬರೆಯಬೇಕು. 'ತೇಗದ ಮಂಚ' ಎಂದಷ್ಟೇ ಬರೆದು ಒಳಗೆ ಬೇವು ಹಾಕಿದರೆ, ಯಾವಾಗಲೋ ಹಾಸಿಗೆ ಎತ್ತಿದಾಗ ಕಂಡ ಆ ಪಟ್ಟಿ ಇಡೀ ಮಂಚದ ಮೇಲೆ ಅನುಮಾನ ಹುಟ್ಟಿಸುತ್ತದೆ. ಬೋಲ್ಟು, ಸ್ಕ್ರೂ, ಅಂಟು, ಉಪ್ಪುಕಾಗದಕ್ಕೆ 1,500. ಸೀಲರ್, ಪಾಲಿಶ್, ಥಿನ್ನರ್‌ಗೆ 2,500. ಪ್ಲೈ 3,200. ಸಾಮಾನು ಒಟ್ಟು 22,445 ರೂಪಾಯಿ. ಮಿಲ್ಲಿನಲ್ಲಿ ಕೊಯ್ಸು, ಪ್ಲೇನಿಂಗ್ ಮೆಷಿನ್ ಕೂಲಿ 1,200, ಡಿಪೋದಿಂದ ತರಲು, ಮನೆಗೆ ಮುಟ್ಟಿಸಲು ಗಾಡಿ 1,500. ಡಿಪೋದ ದರ ಬರೆದುಕೊಳ್ಳುವಾಗ ಜಿಎಸ್‌ಟಿ ಸೇರಿದ ದರವನ್ನೇ ಹಿಡಿಯಬೇಕು. ನೋಂದಣಿ ಇಲ್ಲದ ಸಣ್ಣ ಅಂಗಡಿಗೆ ಆ ತೆರಿಗೆ ಹಿಂದಿರುಗಿ ಬರುವುದಿಲ್ಲ, ಅದು ಮರದ ಬೆಲೆಯ ಭಾಗವೇ.

ಕೂಲಿಗೆ ಬರೋಣ. 'ಕೂಲಿ ಹತ್ತು ಸಾವಿರ' ಅನ್ನುವ ಮಾತಿನೊಳಗೆ ಎಷ್ಟು ದಿನ ಇದೆ ಎಂದು ಕೇಳಿದರೆ ಬಹಳ ಜನ ಆಚಾರಿಗಳು 'ಒಂದು ವಾರದಲ್ಲಿ ಆಗುತ್ತೆ' ಅನ್ನುತ್ತಾರೆ. ವಾರ ಅನ್ನುವುದು ಕೆಲಸದ ಅಳತೆಯಲ್ಲ. ಕೆಲಸವನ್ನು ಅದರ ಹಂತಗಳಾಗಿ ಒಡೆದಾಗ ಮಾತ್ರ ದಿನ ಕಾಣುತ್ತದೆ. ಡಿಪೋಗೆ ಹೋಗಿ ಮರ ಆರಿಸಿ ತರುವುದು ಅರ್ಧ ದಿನ. ಇದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ, ಆದರೆ ಆ ಅರ್ಧ ದಿನ ಬೇರೆ ಯಾವ ಮನೆಯ ಕೆಲಸವೂ ನಡೆಯುವುದಿಲ್ಲ. ಕೀಸಿ, ಅಳತೆಗೆ ಕತ್ತರಿಸುವುದು ಒಂದು ದಿನ. ಜೋಡಣೆ ಎಣಿಸಿ: ಮೂರು ಅಡ್ಡ ಪಟ್ಟಿಗಳ ಎರಡೆರಡು ತುದಿ, ಅಂದರೆ ಕಾಲಿಗೆ ತೂತು ಕೊರೆದು ಪಟ್ಟಿಯ ನಾಲಿಗೆ ಕೂರಿಸುವ ಆರು ಜೋಡಣೆ. ಉದ್ದದ ಪಟ್ಟಿಗಳು ಬಿಚ್ಚಿ ಸಾಗಿಸುವ ಹಾಗೆ ಬೋಲ್ಟಿನಲ್ಲಿ, ನಾಲ್ಕು ಕಡೆ. ಇವೆಲ್ಲಕ್ಕೂ ಒಂದೂವರೆ ದಿನ. ತಲೆಯ ಹಲಗೆಗಳನ್ನು ಅಂಚು ಕೂಡಿಸಿ ಅಂಟಿಸಿ, ಚೌಕಟ್ಟಿಗೆ ತೋಡು ಕೊರೆದು ಕೂರಿಸಲು ಒಂದೂವರೆ. ಒಣ ಜೋಡಣೆ ನೋಡಿ, ಅಂಟು ಹಾಕಿ, ಒಳಪಟ್ಟಿ, ಪ್ಲೈ ಕೂರಿಸಲು ಒಂದು. ಉಪ್ಪುಕಾಗದ ಉಜ್ಜಲು ಒಂದು. ಮನೆಗೆ ತಂದು ಜೋಡಿಸಲು ಅರ್ಧ. ಏಳು ದಿನ.

ದಿನಕ್ಕೆ 1,200 ಹಿಡಿದರೆ ಆಚಾರಿಯ ಕೂಲಿ 8,400. ಹಲಗೆ ಹಿಡಿಯಲು, ಉಜ್ಜಲು, ಹೊರಲು ಸಹಾಯಕ ನಾಲ್ಕು ದಿನ, 800ರಂತೆ 3,200. ಪಾಲಿಶಿನವರು ಎರಡು ದಿನ, 2,400. ಎಲ್ಲ ಸೇರಿ 14,000. ತಿರುಪ್ಪೂರಿನ ಕಡೆ ಸಹಾಯಕನ ಕೂಲಿಯನ್ನು ಬನಿಯನ್ ಕಂಪನಿಗಳ ಸಂಬಳದ ಜೊತೆ ತೂಗಿ ಹಿಡಿಯಬೇಕು. ಅಲ್ಲಿ ಆರ್ಡರ್ ಜೋರಾಗಿರುವ ತಿಂಗಳಲ್ಲಿ ಕಡಿಮೆ ಕೂಲಿಗೆ ಇಲ್ಲಿ ಯಾರೂ ನಿಲ್ಲುವುದಿಲ್ಲ.

ಏಳು ದಿನ ಎನ್ನುವುದು ನನ್ನ ಊಹೆಯಾಗಿದ್ದರೆ ನಿಮಗೆ ಉಪಯೋಗವಿಲ್ಲ. ನಿಮ್ಮ ಕೈಯ ವೇಗ ನಿಮ್ಮ ನೋಟುಬುಕ್ಕಿನಲ್ಲಿರಬೇಕು. ಸಾಯಂಕಾಲ ಉಳಿ ಒರೆಸಿಡುವಾಗ ಒಂದು ಸಾಲು ಬರೆಯುವುದು: ಇವತ್ತು ಏನು ಮುಗಿಯಿತು, ಎಷ್ಟು ಹೊತ್ತು ಹಿಡಿಯಿತು. ಒಂದಷ್ಟು ಮಂಚ, ಮೇಜು ಮುಗಿದ ಮೇಲೆ ಒಂದು ಜೋಡಣೆಗೆ ಎಷ್ಟು ಹೊತ್ತು ಎನ್ನುವುದು ಕಾಣತೊಡಗುತ್ತದೆ. ಕೆಲಸ ನಡೆಯುವಾಗಲೇ ಎಚ್ಚರಿಕೆಯೂ ಸಿಗುತ್ತದೆ. ಈ ಮಂಚದಲ್ಲಿ ಮೂರನೇ ದಿನ ಮುಗಿದಾಗ ಆರೂ ತೂತು ಕೊರೆದು ನಾಲಿಗೆ ಒಣದಾಗಿ ಕೂತಿರಬೇಕು. ಕೂತಿಲ್ಲವೆಂದರೆ ಏಳು ದಿನದ ಲೆಕ್ಕ ಆಗಲೇ ಕೆಟ್ಟಿದೆ ಎಂದರ್ಥ, ಗಿರಾಕಿಗೆ ಆ ದಿನವೇ ಫೋನು ಮಾಡುವುದು ಒಳ್ಳೆಯದು.

ಇಲ್ಲಿಯವರೆಗೆ ಸಾಮಾನು, ಮೆಷಿನ್, ಗಾಡಿ, ಕೂಲಿ ಸೇರಿ 39,145 ರೂಪಾಯಿ. ಇದು ಕೈಯಿಂದ ಹೋಗುವ ದುಡ್ಡು. 32,000ಕ್ಕೆ ಒಪ್ಪಿಕೊಂಡಿದ್ದರೆ 7,145 ರೂಪಾಯಿ ಕಡಿಮೆ ಬೀಳುತ್ತದೆ. ಡಿಪೋದವರು ಬಿಡುವುದಿಲ್ಲ, ಸಹಾಯಕ ಶನಿವಾರ ಕೈ ಚಾಚುತ್ತಾನೆ, ಪಾಲಿಶಿನವರಿಗೆ ಕೊಡಲೇಬೇಕು. ಹಾಗಾಗಿ ಆ ಕೊರತೆ ಆಚಾರಿಯ ಸ್ವಂತ 8,400ರಿಂದ ಹೋಗುತ್ತದೆ. ಏಳು ದಿನ ದುಡಿದು ಉಳಿದದ್ದು 1,255. ಅಂಗಡಿಯ ಬಾಡಿಗೆ ಇನ್ನೂ ಅದರ ಹೊರಗಿದೆ. ಸಾಲಕ್ಕೆ ಸಾಲ ಸೇರುತ್ತಾ, 'ಕೆಲಸಕ್ಕೇನೂ ಬರ ಇಲ್ಲ, ಕೈಯಲ್ಲಿ ಕಾಸು ಮಾತ್ರ ನಿಲ್ಲಲ್ಲ' ಎನ್ನುವ ಆಚಾರಿಗಳನ್ನು ನೋಡಿದಾಗಲೆಲ್ಲ ನನಗೆ ಈ ಕಳೆಯುವಿಕೆ ನೆನಪಾಗುತ್ತದೆ. ಅವರ ಕೈಗೆಲಸದಲ್ಲಿ ಕೊರತೆಯಿಲ್ಲ.

ಅಂಗಡಿಯ ಖರ್ಚನ್ನು ಕೂಡ ಶೇಕಡಾದಲ್ಲಿ ಹಿಡಿಯುವುದಕ್ಕಿಂತ ದಿನದಲ್ಲಿ ಹಿಡಿಯುವುದು ಸರಿ. ಬಾಡಿಗೆ, ಕರೆಂಟು, ಬ್ಲೇಡು ಸಾಣೆ, ಮೆಷಿನ್ ರಿಪೇರಿ, ಫೋನು, ಅಳತೆಗೆ ಹೋಗಿಬರುವ ಪೆಟ್ರೋಲು ಎಲ್ಲ ಸೇರಿ ತಿಂಗಳಿಗೆ 13,200 ಆಯಿತು ಅನ್ನಿ. ಭಾನುವಾರ, ಹಬ್ಬ, ಕೆಲಸ ಸಿಗದ ದಿನ ಕಳೆದು ತಿಂಗಳಲ್ಲಿ 22 ದಿನ ಕೆಲಸ ನಡೆದರೆ ದಿನಕ್ಕೆ 600. ಏಳು ದಿನಕ್ಕೆ 4,200. ಒಟ್ಟು 43,345.

ಈಗ ಆ ಶೇಕಡಾ 10ರ ಬಗ್ಗೆ, 'ಏನಾದರೂ ಆದರೆ ಇರಲಿ' ಎನ್ನುವ ದುಡ್ಡಿನ ಬಗ್ಗೆ. ಈ ಅಂಕಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅನಿರೀಕ್ಷಿತ ಖರ್ಚಿನ ಆ ಮೊತ್ತವನ್ನು ಅಳೆಯದೆ ಬಿಟ್ಟದ್ದನ್ನೆಲ್ಲ ತುಂಬಿಸುವ ಚೀಲ ಮಾಡಿಕೊಂಡಿದ್ದೇವೆ. ಕೀಸಿ ಹೋಗುವ ಮರ ಅನಿರೀಕ್ಷಿತವಲ್ಲ, ಪ್ರತಿ ಮಂಚದಲ್ಲೂ ಹೋಗುತ್ತದೆ. ಅದು ವೇಸ್ಟೇಜ್, ಅದರ ಜಾಗ ಮರದ ಲೆಕ್ಕದಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು ಅನ್ನುವುದು ಅನಿರೀಕ್ಷಿತವಲ್ಲ, ಅಳತೆಗೆ ಹೋದಾಗ ಕಣ್ಣಿಗೆ ಕಾಣುತ್ತದೆ. ಅದರ ಜಾಗ ಸಾಗಾಟದ ಲೆಕ್ಕದಲ್ಲಿ. ಮರದ ದರ ಏರಬಹುದು ಅನ್ನುವುದಕ್ಕೆ ಮದ್ದು ಶೇಕಡಾ ಸೇರಿಸುವುದಲ್ಲ, 'ಈ ದರ 15 ದಿನಕ್ಕೆ ಮಾತ್ರ' ಎಂದು ಬರೆಯುವುದು. ಮದುಮಗಳ ಅತ್ತೆ ಬಂದು ತಲೆಯ ಕಡೆ ಎರಡು ನವಿಲು ಕೆತ್ತಿಸಿ ಅಂದರೆ ಅದು ಹೆಚ್ಚುವರಿ ಕೆಲಸ, ಅದಕ್ಕೆ ಬೇರೆ ದರ. ಇಷ್ಟನ್ನೂ ತೆಗೆದ ಮೇಲೆ ಉಳಿಯುವುದು, ಎಷ್ಟು ಜಾಗ್ರತೆಯಾಗಿ ಅಳೆದರೂ ಮೊದಲೇ ತಿಳಿಯಲಾಗದ್ದು. ಅದು ತೀರಾ ಕಡಿಮೆ. ಅದಕ್ಕೂ ಹೆಸರಿಟ್ಟು ಎಣಿಸಬಹುದು.

ಈ ಮಂಚದಲ್ಲಿ ಅಂಥವು ಮೂರು. ಏಳು ಅಡಿಯ ಪಟ್ಟಿಯೊಂದು ಕೀಸಿದ ಮೇಲೆ ಒಳಗಿನ ಒಡಕು ತೋರಿಸಬಹುದು, ಅಥವಾ ರಾತ್ರಿ ಕಳೆಯುವಷ್ಟರಲ್ಲಿ ತಿರುಚಿಕೊಳ್ಳಬಹುದು. ಒಂದು ಪಟ್ಟಿಯ ಬೆಲೆ ಸುಮಾರು 1,530. ಮೂರು ಮಂಚಕ್ಕೊಮ್ಮೆ ಹೀಗಾಗುತ್ತದೆ ಅಂತ ನಿಮ್ಮ ನೋಟುಬುಕ್ಕು ಹೇಳಿದರೆ, ಈ ಮಂಚದ ಪಾಲು 510. ಯಾವುದಾದರೂ ಕೆಲಸ ಬಿಚ್ಚಿ ಮತ್ತೆ ಮಾಡಬೇಕಾಗಿ ಒಂದು ದಿನ ಹೋಗುವುದು ಎರಡಕ್ಕೊಮ್ಮೆ ಅಂದರೆ, ಪಾಲು 600. ಮೂರನೆಯದು ಪಾಲಿಶ್.

ಪಾಲಿಶಿನ ವಿಷಯ ಈ ಎರಡು ಜಿಲ್ಲೆಗಳಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು. ಕೊಯಮತ್ತೂರಿಗೆ ಜೋರು ಮಳೆ ಬರುವುದು ಜೂನ್, ಜುಲೈಯಲ್ಲಲ್ಲ, ಅಕ್ಟೋಬರ್, ನವೆಂಬರ್‌ನಲ್ಲಿ, ಹಿಂಗಾರಿನಲ್ಲಿ. ದೀಪಾವಳಿಯೂ ಆಗಲೇ. ಹಬ್ಬಕ್ಕೆ ಮೊದಲು ಬೇಕು, ಕಾರ್ತಿಕದ ಮದುವೆಗೆ ಬೇಕು ಅನ್ನುವ ಆರ್ಡರುಗಳೆಲ್ಲ ಆಗಲೇ ಒಟ್ಟಿಗೆ ಬೀಳುತ್ತವೆ. ಬೋನಸ್ ತೆಗೆದುಕೊಂಡು ಕೆಲಸಗಾರರು ಊರಿಗೆ ಹೊರಡುವುದೂ ಆಗಲೇ. ಗಾಳಿಯಲ್ಲಿ ತೇವ ತುಂಬಿದ ದಿನ ಥಿನ್ನರ್ ಬೆರೆಸಿದ ಪಾಲಿಶ್ ಹೊಡೆದರೆ, ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನು ಹಿಡಿದುಕೊಳ್ಳುತ್ತದೆ, ಪಾಲಿಶ್ ಒಳಗೆ ಬಿಳಿ ಮಂಜು ಕಟ್ಟುತ್ತದೆ. ಹೊಡೆದ ಕೆಲವೇ ನಿಮಿಷಗಳಲ್ಲಿ ಮರದ ಬಣ್ಣ ಮಸುಕಾಗಿ ಕಂಡರೆ ಅದೇ ಕಾರಣ. ನಿಧಾನವಾಗಿ ಆರುವ ಥಿನ್ನರ್ ಬಳಸಬೇಕು, ಇಲ್ಲವೇ ಬಿಸಿಲಿಗೆ ಕಾಯಬೇಕು. ಕೆಟ್ಟರೆ ಉಜ್ಜಿ ಇನ್ನೊಂದು ಕೋಟು ಹೊಡೆಯಬೇಕು, 800 ರೂಪಾಯಿ. ಈ ತಿಂಗಳುಗಳಲ್ಲಿ ಅರ್ಧಕ್ಕರ್ಧ ಸಂಭವ ಅಂತ 400 ಹಿಡಿಯೋಣ. ಮಾರ್ಚ್, ಏಪ್ರಿಲ್‌ನಲ್ಲಿ ಇದೇ ಮಂಚ ಮಾಡಿದರೆ ಆ 400 ಬೇಕಾಗಿಯೇ ಇಲ್ಲ.

510, 600, 400 ಸೇರಿ 1,510. ನಾವು 1,500 ಬರೆಯೋಣ. ನಡೆಸಿದ ಲೆಕ್ಕದ ಮೇಲೆ ಇದು ಶೇಕಡಾ ಮೂರೂವರೆ ಅಷ್ಟೇ. ಅಳತೆ ಸರಿಯಿದ್ದರೆ, ನೂರು ಸಲ ಮಾಡಿದ ಕೆಲಸವಾಗಿದ್ದರೆ, ಅಷ್ಟು ಸಾಕು. ಮೊದಲ ಸಲ ಮಾಡುವ ವಿನ್ಯಾಸ, ಬಾಗಿದ ತಲೆಹಲಗೆ, ಹಳೆಯ ಮನೆಯ ತೊಲೆ ಬಿಚ್ಚಿ ಅದರಲ್ಲೇ ಮಾಡಿಕೊಡಿ ಅನ್ನುವ ಕೆಲಸ ಆದರೆ ಶೇಕಡಾ 10, 15 ಕೂಡ ಹೆಚ್ಚಲ್ಲ. ಹಳೆಯ ತೊಲೆಯೊಳಗೆ ಮೊಳೆ ಎಲ್ಲಿದೆ ಎನ್ನುವುದು ಪ್ಲೇನಿಂಗ್ ಬ್ಲೇಡು ಒಡೆದಾಗಲೇ ಗೊತ್ತಾಗುವುದು.

44,845 ಆಯಿತು. ಇದರ ಮೇಲೆ ಶೇಕಡಾ 12 ಲಾಭ. ಆಚಾರಿ ದಿನಗೂಲಿ ತೆಗೆದುಕೊಂಡಾಗಿದೆ, ಲಾಭ ಯಾಕೆ ಎಂದು ಕೇಳುವವರಿದ್ದಾರೆ. ಕೂಲಿ ಅವರ ಕೈಗೆ. ಲಾಭ ಅಂಗಡಿ ನಡೆಸುವ ಹೊಣೆಗೆ. ಮಂಚ ಆರು ತಿಂಗಳಿಗೆ ಕಿರುಗುಟ್ಟಿದರೆ ಬಂದು ಬೋಲ್ಟು ಬಿಗಿ ಮಾಡುವುದು, ಹೊಸ ರೂಟರ್ ಕೊಳ್ಳುವುದು ಆ ದುಡ್ಡಿನಿಂದ. ಒಟ್ಟು 50,226, ಚೀಟಿಯಲ್ಲಿ 50,250.

ಗಿರಾಕಿ ಚೌಕಾಶಿ ಮಾಡಿಯೇ ಮಾಡುತ್ತಾರೆ, ಮಾಡಲಿ. 'ಐದು ಸಾವಿರ ಬಿಡಿ' ಅಂದಾಗ ಈ ಲೆಕ್ಕ ಕೈಯಲ್ಲಿದ್ದರೆ ಉತ್ತರ ಬೇರೆಯಾಗುತ್ತದೆ. 'ಗೌಡ್ರೇ, ತಲೆಹಲಗೆ ನಾಲ್ಕನ್ನೂ ತೇಗದ ಬದಲು ವಿನಿಯರ್ ಪ್ಲೈನಲ್ಲಿ ಮಾಡಿದರೆ ಮರದಲ್ಲೇ ಮೂರು ಸಾವಿರದವರೆಗೆ ಕಡಿಮೆಯಾಗುತ್ತೆ, ಅದಕ್ಕೆ ಪ್ಲೈ ಖರ್ಚು ಕಳೆದು ಉಳಿದದ್ದು ಬಿಡ್ತೀನಿ. ಹಾಗೆ ಮಾಡಲಾ?' ಅನ್ನಬಹುದು. ದರ ಇಳಿಯಬೇಕಾದರೆ ಕೆಲಸದಲ್ಲಿ ಏನೋ ಒಂದು ಇಳಿಯಬೇಕು ಎನ್ನುವುದು ಗಿರಾಕಿಗೂ ಆಗ ಕಾಣುತ್ತದೆ. ಎಷ್ಟೋ ಸಲ ಅವರೇ, 'ಬೇಡ ಬಿಡಿ, ತೇಗವೇ ಇರಲಿ' ಅನ್ನುತ್ತಾರೆ.

ಚೀಟಿಯ ಮೇಲೆ ಏನಿರಬೇಕು ಎನ್ನುವುದು ಇಲ್ಲಿಗೆ ತಾನೇ ಗೊತ್ತಾಗಿರುತ್ತದೆ. ಹಾಸಿಗೆಯ ಅಳತೆ, ಮುಗಿದ ಪಟ್ಟಿಗಳ ದಪ್ಪ, ಯಾವುದು ತೇಗ ಯಾವುದು ಬೇವು, ಪ್ಲೈಯ ದಪ್ಪ ಮತ್ತು ಅದರ ಐಎಸ್ ನಂಬರು (ಸಾಮಾನ್ಯ ಪ್ಲೈಗೆ 303, ಮರೈನ್ ಪ್ಲೈಗೆ 710), ಪಾಲಿಶ್ ಯಾವುದು ಎಷ್ಟು ಕೋಟು, ಯಾವ ಮಹಡಿಗೆ ಮುಟ್ಟಿಸುವುದು, ದರ ಎಷ್ಟು ದಿನಕ್ಕೆ, ಉಳಿದ ತುಂಡು ಮರ ಯಾರಿಗೆ. ಸಾಮಾನಿನ 22,445 ಒಟ್ಟು ದರದ ಅರ್ಧಕ್ಕೆ ಹತ್ತಿರ ಇರುವುದರಿಂದ ಮುಂಗಡ ಅರ್ಧ ಕೇಳುವುದು ನ್ಯಾಯ. ಅದಕ್ಕಿಂತ ಕಡಿಮೆ ತೆಗೆದುಕೊಂಡರೆ ಗಿರಾಕಿಯ ಮಂಚಕ್ಕೆ ಆಚಾರಿ ಬಡ್ಡಿ ಕಟ್ಟಿದ ಹಾಗೆ. ಪಾಲಿಶಿಗೆ ಮೊದಲು ಅವರನ್ನು ಅಂಗಡಿಗೆ ಕರೆದು ಬರಿ ಮರ ತೋರಿಸಿ ಎರಡನೇ ಕಂತು ತೆಗೆದುಕೊಳ್ಳುವುದು ಇಬ್ಬರಿಗೂ ಒಳ್ಳೆಯದು, ಆಮೇಲೆ ಬಿಳಿ ಮರ ಹಾಕಿದ್ದೀರಿ ಅನ್ನುವ ಮಾತು ಬರುವುದಿಲ್ಲ.

ಕೊನೆಗೆ, ಈ ಕಡೆ ಮೇಲಿಂದ ಮೇಲೆ ಬರುವ ಇನ್ನೊಂದು ಥರದ ಕೆಲಸ. ಆನೆಮಲೆಯ ಟಾಪ್‌ಸ್ಲಿಪ್ಪಿನಲ್ಲಿ ಒಂದು ಕಾಲಕ್ಕೆ ಬೆಟ್ಟದ ಮೇಲಿಂದ ತೇಗದ ದಿಮ್ಮಿಗಳನ್ನು ಜಾರಿಸಿ ಕೆಳಗಿಳಿಸುತ್ತಿದ್ದರು. ಇವತ್ತು ಅದೇ ಬೆಟ್ಟದ ತಪ್ಪಲಿನ ತೋಟಗಳಲ್ಲಿ ಜನ ತೇಗ ಬೆಳೆಸಿಕೊಂಡಿದ್ದಾರೆ. 'ಮರ ನಮ್ಮದೇ ಇದೆ, ಮಂಚ ಮಾಡಿಕೊಡಿ, ಕೂಲಿ ಮಾತ್ರ ಹೇಳಿ' ಅನ್ನುತ್ತಾರೆ. ದಿಮ್ಮಿಯ ಸುತ್ತಳತೆ 36 ಇಂಚು, ಉದ್ದ ಎಂಟು ಅಡಿ ಅನ್ನೋಣ. ಸುತ್ತಳತೆಯ ಕಾಲು ಭಾಗ ಒಂಬತ್ತು, ಒಂಬತ್ತೊಂಬತ್ತಲೆ 81, ಎಂಟರಿಂದ ಗುಣಿಸಿ 144ರಿಂದ ಭಾಗಿಸಿದರೆ 4.5 ಸಿಎಫ್‌ಟಿ. ಮಂಚಕ್ಕೆ 4.15 ಸಾಕು, ಒಂದು ದಿಮ್ಮಿಯಲ್ಲೇ ಆಗುತ್ತಲ್ಲ ಎಂದು ಮನೆಯವರು ಹೇಳುತ್ತಾರೆ. ಆಗುವುದಿಲ್ಲ. ಅಡ್ಡಗಲ ಹನ್ನೊಂದೂವರೆ ಇಂಚು. ಎಳೆಯ ಮರದಲ್ಲಿ ತೊಗಟೆ, ಬಿಳಿ ಭಾಗ ಎರಡೂ ಕಡೆ ಒಂದೊಂದು ಇಂಚು ಹೋದರೆ ಚೇಗು ಒಂಬತ್ತೂವರೆ ಇಂಚು. ಅದರೊಳಗೆ ಕೂರುವ ಚೌಕದ ತೊಲೆ ಆರು ಮುಕ್ಕಾಲು ಇಂಚಿನ ಆಸುಪಾಸು. ಸಿಗುವುದು ಎರಡೂವರೆ ಸಿಎಫ್‌ಟಿ, ಅಂಚಿನ ಸಣ್ಣ ಹಲಗೆಗಳು ಬೇರೆ. ಅದರಲ್ಲೂ ಗರಗಸದ ಪುಡಿ ಹೋಗುತ್ತದೆ. ಎರಡು ದಿಮ್ಮಿ ಬೇಕು.

ಅದಕ್ಕಿಂತ ದೊಡ್ಡ ವಿಷಯ ತೇವ. ಈಚೆಗೆ ಕಡಿದ ಮರವನ್ನು ಕೊಯ್ಸಿ ಕೂಡಲೇ ಮಂಚ ಮಾಡಿದರೆ, ಅದು ಮನೆಯೊಳಗೆ ಒಣಗುತ್ತಾ ಆರು ಇಂಚಿನ ಹಲಗೆ ಒಂದು ನೂಲಿಗಿಂತ ಹೆಚ್ಚು ಕುಗ್ಗುತ್ತದೆ. ತಲೆಹಲಗೆಯ ಸಂದಿಯಲ್ಲಿ ಬೆಳಕು ಕಾಣುತ್ತದೆ, ನಾಲಿಗೆ ಸಡಿಲವಾಗುತ್ತದೆ. ಇದಕ್ಕೆ ಯಾವ ಶೇಕಡಾ ಸೇರಿಸಿದರೂ ಪ್ರಯೋಜನವಿಲ್ಲ. ಹೀಗಿದ್ದಾಗ ಒಂದೇ ಕೊಟೇಶನ್ ಕೊಡದೆ ಎರಡು ಚೀಟಿ ಕೊಡುವುದು ಸರಿಯಾದ ಕ್ರಮ. ಮೊದಲನೆಯದು ಕೊಯ್ಸಿನದು ಮಾತ್ರ: ಸಾಗಾಟಕ್ಕೆ ಅರಣ್ಯ ಇಲಾಖೆಯ ಕಾಗದ ಬೇಕೇ ಎಂದು ವಿಚಾರಿಸಿಕೊಳ್ಳುವ ಹೊಣೆ ಮರದ ಯಜಮಾನರದು, ಮಿಲ್ಲಿನ ಕೂಲಿ ಇಷ್ಟು, ನಡುವೆ ರೀಪು ಇಟ್ಟು ನೆರಳಿನಲ್ಲಿ ಜೋಡಿಸಿಡುವುದು ಇಷ್ಟು. ಎರಡನೆಯದು, ಮರ ಒಣಗಿ ತೇವ ಅಳೆಯುವ ಮೀಟರಿನಲ್ಲಿ ಶೇಕಡಾ 12ರ ಆಸುಪಾಸಿಗೆ ಬಂದ ಮೇಲೆ, ಒಡೆದದ್ದು ತಿರುಚಿದ್ದು ತೆಗೆದು, ಉಳಿದ ಹಲಗೆಗಳನ್ನು ಒಂದೊಂದಾಗಿ ಅಳೆದು ಬರೆಯುವ ಮಂಚದ ಚೀಟಿ. ಮದುವೆ ಮುಂದಿನ ತಿಂಗಳೇ ಇದ್ದರೆ, ಡಿಪೋದ ಒಣ ಮರದಲ್ಲಿ ಈ ಮಂಚ ಮಾಡಿಸಿ, ತೋಟದ ಮರ ಬಾಗಿಲಿಗೋ ಮೊಮ್ಮಗುವಿನ ತೊಟ್ಟಿಲಿಗೋ ಒಣಗುತ್ತಿರಲಿ ಎಂದು ನೇರವಾಗಿ ಹೇಳಬೇಕು.